ನೆಟ್ ಹೋದಾಗ ಗ್ರಾಹಕರ ಗ್ರೂಪಿಗೆ ಏನು ಬರೆಯಬೇಕು
ಫೈಬರ್ ಕಟ್ ಆದಾಗ ವಾಟ್ಸಾಪ್ ಗ್ರೂಪಿನಲ್ಲಿ "ಅರ್ಧ ಗಂಟೇಲಿ ಸರಿಯಾಗುತ್ತೆ" ಅಂತ ಬರೆಯಬೇಡಿ, ಮುಂದಿನ ಮೆಸೇಜ್ ಯಾವಾಗ ಅಂತ ಬರೆಯಿರಿ: "ಕೇಬಲ್ ಎಲ್ಲಿ ತುಂಡಾಗಿದೆ ಅಂತ ಇನ್ನೂ ಗೊತ್ತಾಗಿಲ್ಲ, ಹುಡುಕುತ್ತಿದ್ದೇವೆ. 11:30ಕ್ಕೆ ಮತ್ತೆ ತಿಳಿಸುತ್ತೇವೆ." ರಿಪೇರಿ ಎಷ್ಟು ಹೊತ್ತು ಹಿಡಿಯುತ್ತೆ ಅನ್ನೋದು ನಮ್ಮ ಕೈಯಲ್ಲಿಲ್ಲ, ಮೆಸೇಜ್ ಹಾಕೋದು ನಮ್ಮ ಕೈಯಲ್ಲೇ ಇದೆ. ಹೊಸದೇನೂ ಇಲ್ಲದಿದ್ದರೂ 11:30ಕ್ಕೆ ಹಾಕಲೇಬೇಕು. ಜಾಯಿಂಟ್ ಆದ ತಕ್ಷಣ "ಎಲ್ಲರಿಗೂ ಬಂತು" ಅನ್ನಬೇಡಿ, ಒಂದೆರಡು ಮನೆ ಬಾಕಿ ಉಳಿದಿರಬಹುದು. "ಮೇನ್ ಲೈನ್ ಸರಿಯಾಗಿದೆ. ನಿಮ್ಮ ರೂಟರಿನಲ್ಲಿ LOS ಲೈಟ್ ಇನ್ನೂ ಕೆಂಪಗಿದ್ದರೆ ತಿಳಿಸಿ" ಅನ್ನಿ. ಸಂಜೆಯ ಕೊನೆಯ ಮೆಸೇಜಿನಲ್ಲಿ "ತಾಂತ್ರಿಕ ಕಾರಣ" ಅಂತ ಸುಮ್ನೆ ತೇಲಿಸಬೇಡಿ: "ಬೆಳಗ್ಗೆ 9:40ರಿಂದ ಮಧ್ಯಾಹ್ನ 1:15ರವರೆಗೆ 3 ಮತ್ತು 4ನೇ ಕ್ರಾಸಿಗೆ ನೆಟ್ ಇರಲಿಲ್ಲ. ಚರಂಡಿ ಅಗೆಯುವಾಗ ಕೇಬಲ್ ತುಂಡಾಯಿತು. ಆ ಕಡೆಗೆ ನಮ್ಮದು ಬದಲಿ ಲೈನ್ ಇಲ್ಲ, ಅದಕ್ಕೇ ಇಷ್ಟು ಹೊತ್ತಾಯಿತು." ಬದಲಿ ಲೈನ್ ಹಾಕಿಸುವುದು ಖಚಿತವಾಗಿದ್ದರೆ ಮಾತ್ರ ತಾರೀಖು ಹೇಳಿ. ಮನೆಯ ವೈಫೈ ಒಂದನ್ನೇ ನಂಬಿರುವವರಿಗೆ ಮಾತ್ರ ಇದ್ಯಾವುದೂ ಆ ಹೊತ್ತಿಗೆ ತಲುಪಲ್ಲ. ಹಿರಿಯರೇ ಜಾಸ್ತಿ ಇರುವ ಮನೆಗಳಿಗೆ ಎಸ್ಸೆಮ್ಮೆಸ್ ಕಳಿಸಿ, ಇಲ್ಲವೇ ಫೋನ್ ಮಾಡಿ.