ಮೂರೂವರೆ ಗಂಟೆ ಬಿಸಿಲಿನಲ್ಲಿ ವಾರಕ್ಕೊಂದು ಕಟ್ಟು ಸೊಪ್ಪು

ಬೆಂಗಳೂರಿನ ಅಪಾರ್ಟ್‌ಮೆಂಟಿನ ಪೂರ್ವದ ಬಾಲ್ಕನಿ ಇದು. ಅಗಲ ನಾಲ್ಕು ಅಡಿ, ಎದುರಿಗೆ ಮೂರೂವರೆ ಅಡಿ ಎತ್ತರದ ಪ್ಯಾರಪೆಟ್ ಗೋಡೆ, ತಲೆಯ ಮೇಲೆ ಮೇಲಿನ ಮನೆಯವರ ಬಾಲ್ಕನಿ. ನೋಡಿದವರೆಲ್ಲ "ಇಲ್ಲಿ ಮನಿ ಪ್ಲಾಂಟ್ ಬಿಟ್ಟು ಬೇರೇನೂ ಬರಲ್ಲ ಬಿಡಿ" ಎಂದರು. ನರ್ಸರಿಯವರೂ ಅದನ್ನೇ ಹೇಳಿದರು. ಈಗ ಇಲ್ಲಿ ಹೆಚ್ಚುಕಡಿಮೆ ಪ್ರತಿ ವಾರ ಒಂದು ಕಟ್ಟು ಮೆಂತ್ಯ ಅಥವಾ ಪಾಲಕ್ ಕೊಯ್ಯುತ್ತಿದ್ದೇನೆ. ಬಸಳೆಯಂತೂ ಬೇಡವೆಂದರೂ ಹಬ್ಬುತ್ತಿದೆ. ಅದು ಹೇಗೆ ಸಾಧ್ಯವಾಯಿತು ಎಂದು ಕೇಳುವವರಿಗಾಗಿ ಬರೆಯುತ್ತಿದ್ದೇನೆ.

ಮೊದಲ ಆರು ತಿಂಗಳು ಎಲ್ಲ ಸೋಲೇ. ಬಣ್ಣದ ಕುಂಡಗಳು, ಎರಡು ಮೂಟೆ ಕೆಂಪು ಮಣ್ಣು, ಟೊಮ್ಯಾಟೊ ಸಸಿ, ಹತ್ತು ಬಗೆಯ ಬೀಜದ ಪೊಟ್ಟಣ ಎಲ್ಲ ಸೇರಿ ಸುಮಾರು 2,800 ರೂಪಾಯಿ ಹೋಯಿತು. ಸಸಿಗಳು ಉದ್ದಕ್ಕೆ, ತೆಳ್ಳಗೆ, ಹೊರಗಿನ ಬೆಳಕಿನತ್ತ ಬಾಗಿ ಬೆಳೆದು ಬಿದ್ದವು. ನೀರು ಕಡಿಮೆಯಾಯಿತೆಂದು ನೀರು ಹಾಕಿದೆ, ಗೊಬ್ಬರ ಸಾಲದೆಂದು ಗೊಬ್ಬರ ಹಾಕಿದೆ. ಕೊರತೆ ಇದ್ದದ್ದು ಬೆಳಕಿನದು. ಸಸಿಯ ಎರಡು ಎಲೆಗಳ ನಡುವಿನ ಕಾಂಡ ಉದ್ದವಾಗಿ, ಬಣ್ಣ ತಿಳಿಹಸಿರಾಗಿದ್ದರೆ ಅದಕ್ಕೆ ಬೇರೆ ಔಷಧ ಇಲ್ಲ, ಬೆಳಕೇ ಬೇಕು.

ಒಂದು ಭಾನುವಾರ ಸೀಮೆಸುಣ್ಣ ಹಿಡಿದು ಗಂಟೆಗೊಮ್ಮೆ ನೆಲದ ಟೈಲ್ಸ್ ಮೇಲೆ ಬಿಸಿಲಿನ ಅಂಚು ಗುರುತು ಹಾಕಿದೆ. ಕುಂಡಗಳಿದ್ದ ಜಾಗಕ್ಕೆ, ಅಂದರೆ ಪ್ಯಾರಪೆಟ್ಟಿನ ಬುಡಕ್ಕೆ, ದಿನಕ್ಕೆ ಒಂದು ಗಂಟೆಯೂ ಬಿಸಿಲು ಬೀಳುತ್ತಿರಲಿಲ್ಲ. ಬೆಳಗಿನ ಸೂರ್ಯ ಕೆಳಗಿರುವಾಗ ಗೋಡೆ ಅಡ್ಡ. ಸೂರ್ಯ ಗೋಡೆಯನ್ನು ದಾಟಿ ಬುಡ ಮುಟ್ಟುವಷ್ಟು ಮೇಲೇರುವ ಹೊತ್ತಿಗೆ ಮೇಲಿನ ಬಾಲ್ಕನಿ ಅಡ್ಡ. ಅದೇ ಹೊತ್ತಿನಲ್ಲಿ ಗೋಡೆಯ ತುದಿಗೆ ಕೈ ಚಾಚಿದರೆ ಬೆಚ್ಚನೆ ಬಿಸಿಲು. ಅಂದರೆ ಬಿಸಿಲು ಇತ್ತು, ಎತ್ತರದಲ್ಲಿ ಇತ್ತು.

ಗುಜರಿ ಅಂಗಡಿಯಲ್ಲಿ ಆರಡಿ ಉದ್ದದ ಹಳೆಯ ಕಬ್ಬಿಣದ ಸ್ಟ್ಯಾಂಡ್ 500 ರೂಪಾಯಿಗೆ ಸಿಕ್ಕಿತು. ಎತ್ತರ ಎರಡೂಮುಕ್ಕಾಲು ಅಡಿ. ಅದರ ಮೇಲೆ ಆರಿಂಚು ಆಳದ ಟ್ರೇ ಇಟ್ಟರೆ ಟ್ರೇಯ ಅಂಚು ಗೋಡೆಯ ತುದಿಗಿಂತ ನಾಲ್ಕು ಬೆರಳು ಕೆಳಗೆ ಬರುತ್ತದೆ. ಈಗ ಎದುರಿನ ಕಟ್ಟಡ ದಾಟಿದ ಸೂರ್ಯ ಸುಮಾರು ಏಳೂಮುಕ್ಕಾಲಿಗೆ ಟ್ರೇ ಮುಟ್ಟಿದರೆ ಹನ್ನೊಂದೂಕಾಲರವರೆಗೆ ಇರುತ್ತಾನೆ. ಮೂರೂವರೆ ಗಂಟೆ. ಇಡೀ ಕೆಲಸದಲ್ಲಿ ಫಲ ಕೊಟ್ಟದ್ದು ಇದೊಂದೇ ಬದಲಾವಣೆ. ಉಳಿದದ್ದೆಲ್ಲ ಇದರ ಹಿಂದೆ ಬಂದದ್ದು.

ಎರಡು ಎಚ್ಚರಿಕೆ ಹೇಳಲೇಬೇಕು. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಪ್ಯಾರಪೆಟ್ಟಿಗೆ ತಾಗಿಸಿ ಸ್ಟ್ಯಾಂಡ್ ಇಡಬೇಡಿ, ಅದು ಅವರಿಗೆ ಏಣಿ. ಅಂಥ ಮನೆಗೆ ಪೂರ್ತಿ ಗ್ರಿಲ್ ಇರಬೇಕು, ಇಲ್ಲವಾದರೆ ಈ ವಿಧಾನ ಬೇಡ. ಇನ್ನು ಗೋಡೆಯ ಮೇಲೆಯೇ ಕುಂಡ ಇಡುವುದು, ಎಷ್ಟೇ ಬಿಸಿಲಿರಲಿ, ಮಾಡಬಾರದು. ಗಾಳಿಗೆ ಉರುಳಿದರೆ ಕೆಳಗೆ ನಡೆಯುವವರ ತಲೆ.

ದಕ್ಷಿಣದ ಬಾಲ್ಕನಿ ಇರುವವರು ತಿಂಗಳನ್ನೂ ನೋಡಬೇಕು. ಬೆಂಗಳೂರು 13 ಡಿಗ್ರಿ ಉತ್ತರದಲ್ಲಿದೆ. ಡಿಸೆಂಬರಿನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿ ನಿಮ್ಮ ಬಾಲ್ಕನಿಯೊಳಗೇ ಬರುತ್ತಾನೆ. ಮೇ ಕೊನೆ, ಜೂನ್‌ನಲ್ಲಿ ನೆತ್ತಿಗಿಂತ ಉತ್ತರದಲ್ಲಿ ಹೋಗುತ್ತಾನೆ, ಆಗ ನೇರ ಬಿಸಿಲೇ ಇಲ್ಲ. ಡಿಸೆಂಬರಿನಲ್ಲಿ ಚೆನ್ನಾಗಿ ಬಂದ ಗಿಡ ಜೂನ್‌ನಲ್ಲಿ ಸೊರಗಿದರೆ ಗೊಬ್ಬರವನ್ನು ದೂರಬೇಡಿ.

ಸ್ಟ್ಯಾಂಡ್ ಬಾಲ್ಕನಿಯ ಹೊರ ಅಂಚಿಗೆ ಹೋಯಿತು, ಹಾಗಾಗಿ ತೂಕದ ಪ್ರಶ್ನೆ ಬಂತು. ಹನ್ನೆರಡಕ್ಕೆ ಹದಿನೆಂಟು ಇಂಚಿನ ಟ್ರೇಗೆ ಐದಿಂಚು ತುಂಬಿದರೆ ಹದಿನೇಳು ಹದಿನೆಂಟು ಲೀಟರ್ ಹಿಡಿಯುತ್ತದೆ. ಒದ್ದೆ ಕೆಂಪು ಮಣ್ಣಾದರೆ ಒಂದೊಂದು ಟ್ರೇ ಮೂವತ್ತು ಕೆಜಿ ಹತ್ತಿರ. ಜೊತೆಗೆ ಬರೀ ಕೆಂಪು ಮಣ್ಣು ಟ್ರೇಯಲ್ಲಿ ಎರಡು ವಾರಕ್ಕೆ ಇಟ್ಟಿಗೆಯಂತೆ ಗಟ್ಟಿಯಾಗುತ್ತದೆ, ನೀರು ಅಂಚಿನಲ್ಲಿ ಇಳಿದು ಹೋಗಿ ನಡುವೆ ಒಣಗಿಯೇ ಇರುತ್ತದೆ. ಆದ್ದರಿಂದ ಎರಡು ಪಾಲು ಕೋಕೋಪೀಟ್ ಎಂಬ ತೆಂಗಿನ ನಾರಿನ ಪುಡಿ, ಒಂದು ಪಾಲು ಎರೆಗೊಬ್ಬರ, ಅರ್ಧ ಪಾಲು ಕೆಂಪು ಮಣ್ಣು, ಟ್ರೇಗೊಂದು ಹಿಡಿ ಬೇವಿನ ಹಿಂಡಿ. ನೀರು ಕುಡಿದ ಮೇಲೂ ಟ್ರೇ ಹದಿನಾಲ್ಕು ಕೆಜಿ ಆಸುಪಾಸು ಇರುತ್ತದೆ, ಒಬ್ಬರೇ ಎತ್ತಬಹುದು.

ಕೋಕೋಪೀಟನ್ನು ತೊಳೆಯದೆ ಹಾಕಬೇಡಿ. ಅದರಲ್ಲಿ ಉಪ್ಪಿರುತ್ತದೆ. ಮೊದಲ ಸಲ ಹಾಗೇ ಹಾಕಿದ್ದಕ್ಕೆ ಮೊಳಕೆಯ ಎಲೆತುದಿಗಳೆಲ್ಲ ಸುಟ್ಟಂತೆ ಕಂದಾದವು. ಐದು ಕೆಜಿಯ ಇಟ್ಟಿಗೆ ನೆನೆದರೆ ಎಪ್ಪತ್ತು ಲೀಟರ್ ಆಸುಪಾಸು ಉಬ್ಬುತ್ತದೆ. ಅದನ್ನು ಒಂದು ರಾತ್ರಿ ನೆನೆಸಿ, ಹಿಂಡಿ, ನೀರು ಬದಲಿಸಿ, ಹೀಗೆ ಮೂರು ಸಲ. ನೀರು ಚಹಾದ ಬಣ್ಣದಲ್ಲಿ ಇಳಿಯುತ್ತದೆ, ಗಾಬರಿ ಬೇಡ. ಗೊಬ್ಬರ ಕಡಿಮೆ ಮಾಡಿ ಕೋಕೋಪೀಟನ್ನೇ ಹೆಚ್ಚು ಮಾಡಿದರೆ ಎಲೆ ಹಳದಿಯಾಗುತ್ತದೆ, ಅದರಲ್ಲಿ ಸ್ವಂತ ಸಾರವೇನೂ ಇಲ್ಲ.

ಟ್ರೇಯ ತಳಕ್ಕೆ ಜಲ್ಲಿ ಹಾಕಿದರೆ ನೀರು ಬಸಿಯುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಒಂದಕ್ಕೆ ಹಾಕಿ, ಇನ್ನೊಂದಕ್ಕೆ ಹಾಕದೆ ನೋಡಿದೆ. ಜಲ್ಲಿ ಹಾಕಿದ್ದರಲ್ಲೇ ಬೇರು ಕೊಳೆಯಿತು. ನೀರು ಮಿಶ್ರಣದ ಕೆಳತುದಿಯಲ್ಲಿ ನಿಲ್ಲುತ್ತದೆಯೇ ಹೊರತು ಸಲೀಸಾಗಿ ಜಲ್ಲಿಗೆ ಇಳಿಯುವುದಿಲ್ಲ. ಜಲ್ಲಿ ಹಾಕಿದರೆ ಆ ಒದ್ದೆ ಪದರ ಇನ್ನೂ ಮೇಲಕ್ಕೆ, ಬೇರಿನ ಹತ್ತಿರಕ್ಕೆ ಬರುತ್ತದೆ. ತಳದಲ್ಲಿ ಪೆನ್ಸಿಲ್ ದಪ್ಪದ ಎಂಟು ಹತ್ತು ತೂತು ಸಾಕು. ಟ್ರೇ ಕೆಳಗೆ ತಟ್ಟೆ ಇಡಿ. ಕೆಳಗಿನ ಮನೆಯ ಬಟ್ಟೆಯ ಮೇಲೆ ಕೆಂಪು ನೀರು ತೊಟ್ಟಿಕ್ಕಿದರೆ ತೋಟ ಒಂದೇ ದಿನದಲ್ಲಿ ಎತ್ತಬೇಕಾಗುತ್ತದೆ.

ಇನ್ನು ಬೆಳೆ. ಹಿಂದೆಂದೂ ಏನೂ ಬೆಳೆಯದವರು ಮೆಂತ್ಯದಿಂದ ಶುರು ಮಾಡಲಿ. ಅಡುಗೆಮನೆಯ ಡಬ್ಬದ ಮೆಂತ್ಯವೇ ಸಾಕು. ಒಂದು ಟ್ರೇಗೆ ಒಂದೂವರೆ ಟೇಬಲ್ ಚಮಚ, ರಾತ್ರಿಯೆಲ್ಲ ನೆನೆಸಿ, ಬೀಜದಿಂದ ಬೀಜಕ್ಕೆ ಅರ್ಧ ಬೆರಳ ಅಗಲ ಬಿಟ್ಟು ಚೆಲ್ಲಿ, ಮೇಲೆ ಕಾಲಿಂಚು ಮಿಶ್ರಣ ಉದುರಿಸಿ, ಒದ್ದೆ ಗೋಣಿಚೀಲ ಹೊದಿಸಿ. ಎರಡು ಮೂರು ದಿನಕ್ಕೆ ಗೋಣಿ ಎತ್ತಿ ನೋಡಿದಾಗ ಬಿಳಿ ಕೊಕ್ಕೆಗಳಂತೆ ಕತ್ತು ಬಾಗಿಸಿದ ಮೊಳಕೆಗಳು ಮಣ್ಣನ್ನು ಚೂರುಚೂರಾಗಿ ಎತ್ತಿ ನಿಂತಿರುತ್ತವೆ. ಆ ಕ್ಷಣವೇ ಗೋಣಿ ತೆಗೆಯಿರಿ, ನಾಳೆಗೆ ಬಿಡಬೇಡಿ. ಒಂದು ದಿನ ತಡವಾದರೆ ಕತ್ತಲೆಯಲ್ಲಿ ಉದ್ದವಾಗಿ ಬೆಳೆದು ಮತ್ತೆ ಸೆಟೆದು ನಿಲ್ಲುವುದಿಲ್ಲ. ಗೋಣಿ ತೆಗೆದ ಕೂಡಲೇ ಬಲೆ ಹೊದಿಸಬೇಕು, ಪಾರಿವಾಳಗಳು ಅದಕ್ಕೇ ಕಾದಿರುತ್ತವೆ.

ನಂತರದ ವಾರದಲ್ಲೇ ಹೆಚ್ಚಿನವರು ಸೋಲುವುದು. ನಿನ್ನೆ ನೆಟ್ಟಗಿದ್ದ ಮೊಳಕೆ ಇಂದು ಬುಡದಲ್ಲಿ ದಾರದಂತೆ ಸಣ್ಣಗಾಗಿ ಮಲಗಿರುತ್ತದೆ, ನಾಳೆ ಅಂಗೈಯಗಲ ಜಾಗ ಖಾಲಿ. ಇದು ಶಿಲೀಂಧ್ರದ ಕೆಲಸ. ಮೇಲ್ಮಣ್ಣು ಸದಾ ಒದ್ದೆ ಇದ್ದು, ಗಾಳಿಯಾಡದೆ, ಬೀಜ ಒತ್ತಾಗಿದ್ದರೆ ಬರುತ್ತದೆ. ಬಾಡಿತೆಂದು ತಿಳಿದು ಇನ್ನಷ್ಟು ನೀರು ಹಾಕಿದರೆ ಇಡೀ ಟ್ರೇ ಹೋಗುತ್ತದೆ. ಬಿದ್ದ ಕಡೆಯ ಸಸಿಗಳನ್ನು ಮಣ್ಣು ಸಮೇತ ಕೆರೆದು ಎಸೆದು ಎರಡು ದಿನ ನೀರು ನಿಲ್ಲಿಸಿ. ಬರದಂತೆ ನೋಡಿಕೊಳ್ಳಲು ನಾನು ಮೊದಲ ಹತ್ತು ದಿನ ಮೇಲಿನಿಂದ ನೀರೇ ಹಾಕುವುದಿಲ್ಲ. ಕೆಳಗಿನ ತಟ್ಟೆಗೆ ಎರಡು ಲೋಟ ಹಾಕಿ, ಅರ್ಧ ಗಂಟೆ ಬಿಟ್ಟು ಉಳಿದದ್ದನ್ನು ಚೆಲ್ಲುತ್ತೇನೆ. ಆಮೇಲೆ ಬೆರಳು ಒಂದು ಗೆಣ್ಣು ಇಳಿಸಿ, ಒಣಗಿದ್ದರೆ ಮಾತ್ರ ನೀರು. ಗಡಿಯಾರ ನೋಡಿ ನೀರು ಹಾಕುವ ಅಭ್ಯಾಸ ಬೇಡ, ಜುಲೈನ ಮೋಡದಲ್ಲಿ ಮೂರು ದಿನಕ್ಕೊಮ್ಮೆಯೂ ಸಾಕಾಗುತ್ತದೆ.

ಆರ್‌ಓ ಯಂತ್ರದಿಂದ ಹೊರಹೋಗುವ ನೀರನ್ನು ಉಳಿತಾಯವೆಂದು ಒಂದು ಟ್ರೇಗೆ ಹಾಕಿ ನೋಡಿದೆ. ಎರಡು ತಿಂಗಳಲ್ಲಿ ಮೇಲೆ ಬಿಳಿ ಹೊಪ್ಪಳೆ ಕಟ್ಟಿತು, ಪಾಲಕ್ ಹೇಗೋ ತಡೆದುಕೊಂಡಿತು, ಮೆಂತ್ಯ ಮೊಳೆಯಲೇ ಇಲ್ಲ. ಆ ನೀರು ನೆಲ ಒರೆಸಲು ಸರಿ.

ಮೆಂತ್ಯ ಇಪ್ಪತ್ತೈದು ದಿನಕ್ಕೆ ಕಿತ್ತರೆ ಒಂದು ಟ್ರೇಗೆ ನೂರೈವತ್ತರಿಂದ ಇನ್ನೂರು ಗ್ರಾಂ. ಅಂಗಡಿಯ ಒಂದು ಸಣ್ಣ ಕಟ್ಟು. ನಾಲ್ಕು ಟ್ರೇಗಳಿದ್ದು ವಾರಕ್ಕೊಂದರಂತೆ ಬಿತ್ತಿದರೆ, ನಾಲ್ಕನೆಯದು ಬಿತ್ತುವ ಹೊತ್ತಿಗೆ ಮೊದಲನೆಯದು ಕೊಯ್ಲಿನ ಹತ್ತಿರ ಬಂದಿರುತ್ತದೆ. ನಾಲ್ಕನ್ನೂ ಒಂದೇ ದಿನ ಬಿತ್ತುವ ಆಸೆ ತಡೆದುಕೊಳ್ಳಿ. ಕಿತ್ತ ಮೇಲೆ ಬೇರು ಆರಿಸಿ, ಮಿಶ್ರಣ ಕೆದಕಿ, ಮೂರು ಹಿಡಿ ಎರೆಗೊಬ್ಬರ ಸೇರಿಸಿ, ಎರಡು ದಿನ ಬಿಟ್ಟು ಬೇರೆ ಬೆಳೆ. ಮೆಂತ್ಯದ ಹಿಂದೆಯೇ ಮೆಂತ್ಯ ಮೂರು ಸಲ ಹಾಕಿದಾಗ ಮೂರನೆಯದು ಅರ್ಧಕ್ಕೆ ಇಳಿಯಿತು. ಪಾಲಕ್ ಮೊದಲ ಕೊಯ್ಲಿಗೆ ನಲವತ್ತು ದಿನ ತೆಗೆದುಕೊಂಡರೂ ಹೊರಗಿನ ಎಲೆ ಮಾತ್ರ ಕಿತ್ತರೆ ನಾಲ್ಕೈದು ಸಲ ಕೊಡುತ್ತದೆ. ಕೊತ್ತಂಬರಿಗೆ ಬೀಜವನ್ನು ಲಟ್ಟಣಿಗೆಯಲ್ಲಿ ಹಗುರವಾಗಿ ಉರುಳಿಸಿ ಎರಡು ಹೋಳು ಮಾಡಬೇಕು, ಪುಡಿಯಾಗಬಾರದು. ಏಪ್ರಿಲ್‌ನ ಸೆಕೆಯಲ್ಲಿ ಎಲೆ ಕೊಡದೆ ನೇರ ಹೂವಿಗೆ ಹೋಗುತ್ತದೆ, ಆ ತಿಂಗಳು ಬಿಟ್ಟುಬಿಡಿ. ದಂಟು ಇಷ್ಟು ಕಡಿಮೆ ಬಿಸಿಲಿಗೆ ಸೊರಗುತ್ತದೆ ಎಂದು ಎಲ್ಲರೂ ಹೇಳಿದರೂ ನನ್ನಲ್ಲಿ ಬಂದಿದೆ. ಅದರ ಸಣ್ಣ ಬೀಜಕ್ಕೆ ಏನು ಬೆರೆಸಿ ಚೆಲ್ಲುತ್ತೇನೆ ಎಂಬುದು ಸದ್ಯಕ್ಕೆ ನನ್ನಲ್ಲೇ ಇರಲಿ, ಇನ್ನೊಂದು ಮಳೆಗಾಲ ನೋಡಿ ಹೇಳುತ್ತೇನೆ.

ಮೆಣಸಿನಗಿಡವನ್ನೂ ಇದೇ ಸ್ಟ್ಯಾಂಡಿನಲ್ಲಿ ಬೆಳೆಸಿದೆ. ಎಲೆ ಸೊಂಪಾಗಿ ಬಂತು, ವರ್ಷಕ್ಕೆ ಏಳೆಂಟು ಕಾಯಿ. ಕಾಯಿ ಬಿಡುವ ಗಿಡಕ್ಕೆ ಐದಾರು ಗಂಟೆಯಾದರೂ ನೇರ ಬಿಸಿಲು ಬೇಕು, ಅದಿಲ್ಲದ ಬಾಲ್ಕನಿಯಲ್ಲಿ ಟೊಮ್ಯಾಟೊ ಮೇಲೆ ದುಡ್ಡು ಹಾಕಬೇಡಿ. ಕಡಲೆಕಾಯಿ ಹಿಂಡಿ ನೆನೆಸಿದ ನೀರು ಗಿಡಕ್ಕೆ ಒಳ್ಳೆಯದೇ, ಆದರೆ ಮೂರನೆಯ ದಿನದ ವಾಸನೆ ಪಕ್ಕದ ಮನೆಯವರೆಗೂ ಹೋಯಿತು, ನೊಣ ಬೇರೆ. ಮಹಡಿ ಮನೆಗೆ ಎರೆಗೊಬ್ಬರವೇ ಸರಿ. ಗಿಡಹೇನು ಕಂಡರೆ ಲೀಟರ್ ನೀರಿಗೆ ಐದು ಮಿಲಿ ಬೇವಿನೆಣ್ಣೆ, ನಾಲ್ಕು ಹನಿ ಪಾತ್ರೆ ತೊಳೆಯುವ ಸೋಪು, ಸಂಜೆ ಎಲೆಯ ಅಡಿಗೆ ಸಿಂಪಡಿಸಿ. ಬೆಳಗ್ಗೆ ಸಿಂಪಡಿಸಿದರೆ ಬಿಸಿಲಿಗೆ ಎಲೆ ಸುಡುತ್ತದೆ.

ಎರಡನೆಯ ಸಲದ ಖರ್ಚು ನೆನಪಿದ್ದಷ್ಟು: ಸ್ಟ್ಯಾಂಡ್ 500, ನಾಲ್ಕು ಟ್ರೇ 700ರ ಸುಮಾರು, ಕೋಕೋಪೀಟ್ 200, ಎರೆಗೊಬ್ಬರ 300, ಹಿಂಡಿ, ಮಣ್ಣು, ಬೀಜ ಸೇರಿ 150. ಒಟ್ಟು 1,850 ಆಸುಪಾಸು. ಸೊಪ್ಪಿನ ಬೆಲೆ ಲೆಕ್ಕ ಹಾಕಿದರೆ ಹಾಕಿದ ದುಡ್ಡು ಬರಲು ಒಂದು ವರ್ಷ ದಾಟುತ್ತದೆ.

ಬಸಳೆಗೆ ಒಂದು ಪೈಸೆಯೂ ಬಿದ್ದಿಲ್ಲ. ಮಾರುಕಟ್ಟೆಯಿಂದ ತಂದ ಕಟ್ಟಿನಲ್ಲಿ ಪೆನ್ಸಿಲ್ ದಪ್ಪದ ಕಾಂಡ ಆರಿಸಿ, ಮೂರು ಗೆಣ್ಣು ಇರುವಂತೆ ಕತ್ತರಿಸಿ, ಎರಡು ಗೆಣ್ಣು ಮಣ್ಣೊಳಗೆ ಹೋಗುವಂತೆ ಹಳೆಯ ಪೇಂಟ್ ಬಕೆಟ್ಟಿನಲ್ಲಿ ನೆಟ್ಟದ್ದು. ಎರಡು ವಾರಕ್ಕೆ ಚಿಗುರಿತು. ಅದಕ್ಕೆ ಸ್ಟ್ಯಾಂಡೂ ಬೇಕಿಲ್ಲ, ನೆಲದಲ್ಲೇ ಬಕೆಟ್ ಇಟ್ಟು ದಾರ ಕಟ್ಟಿದರೆ ಬಳ್ಳಿ ತಾನೇ ಮೇಲೆ ಹತ್ತಿ ಬಿಸಿಲು ಹುಡುಕಿಕೊಳ್ಳುತ್ತದೆ.