‘ಸಿಸ್ಟಮ್’ ನುಂಗಿದ 27 ಜಿಬಿ: ಬೈತಖೋಲದ ಒಂದು ಫೋನ್, ನನ್ನ ಅನುಭವ

ಆ ಫೋನ್ ನನ್ನ ಮೇಜಿಗೆ ಬರುವ ಮೊದಲೇ ಕಾರವಾರದ ಎರಡು ಅಂಗಡಿ ಸುತ್ತಿತ್ತು. ಎರಡೂ ಕಡೆ ಒಂದೇ ಉತ್ತರ: ರೀಸೆಟ್ ಮಾಡಿ, ಇಲ್ಲವಾದರೆ ಹೊಸದು ಕೊಳ್ಳಿ. ಬೈತಖೋಲ ಬಂದರಿನ ಮೀನು ವ್ಯಾಪಾರಿಯೊಬ್ಬರ 64 ಜಿಬಿ ಆಂಡ್ರಾಯ್ಡ್ ಅದು. ಸ್ಟೋರೇಜ್ ತೆರೆದರೆ ಆ್ಯಪ್‌ಗಳು ಸುಮಾರು 12, ಫೋಟೊ, ವಿಡಿಯೊ ಸೇರಿ 10, ‘ಸಿಸ್ಟಮ್’ ಮಾತ್ರ 40 ಜಿಬಿ. “ತಮ್ಮಾ, ಬೋಟಿನವರ ಬಾಕಿಯ ಲೆಕ್ಕವೆಲ್ಲ ಇದರಲ್ಲೇ ಇದೆ, ಏನನ್ನೂ ಅಳಿಸಬೇಡ” ಎಂದರು.

ರೀಸೆಟ್ಟಿನ ಪಾಠ ನನಗೆ ಮೊದಲೇ ಆಗಿತ್ತು. ಎರಡು ಮಳೆಗಾಲದ ಹಿಂದೆ 300 ರೂಪಾಯಿ ತೆಗೆದುಕೊಂಡು ಒಬ್ಬರ ಫೋನ್ ರೀಸೆಟ್ ಮಾಡಿದ್ದೆ. ಬ್ಯಾಕಪ್ ಇದೆ ಎಂದಿದ್ದರು, ಇರಲಿಲ್ಲ. ಮಗುವಿನ ಫೋಟೊಗಳೆಲ್ಲ ಹೋದವು. ಹುಬ್ಬಳ್ಳಿಗೆ ಕಳಿಸಿ ಎರಡು ಸಾವಿರ ಸುರಿದೆ, ಒಂದೂ ಮರಳಲಿಲ್ಲ. ಆದರೆ ಅದೇ ಫೋನ್ ಒಂದು ವಿಷಯ ತೋರಿಸಿಕೊಟ್ಟಿತು: ಎಲ್ಲ ಅಳಿಸಿದ ಮೇಲೂ ಸಿಸ್ಟಮ್ 13 ಜಿಬಿ ಇತ್ತು. ಈ ಫೋನ್ ಅದೇ ಮಾದರಿಯದು. ಅಂದರೆ ನಿಜವಾದ ಸಿಸ್ಟಮ್ 13, ನಾನು ಹುಡುಕಬೇಕಾದದ್ದು 27.

ಇಂಥ ಫೋನ್ ಸಿಸ್ಟಮನ್ನು ಅಳೆಯುವುದೇ ಇಲ್ಲ, ಕಳೆಯುತ್ತದೆ. ತುಂಬಿರುವ ಜಾಗದಿಂದ ಆ್ಯಪ್, ಫೋಟೊ, ವಿಡಿಯೊ, ಹಾಡು ಎಂದು ಗುರುತಿಸಿದ್ದನ್ನೆಲ್ಲ ತೆಗೆದು, ಉಳಿದದ್ದಕ್ಕೆ ಆ ಹೆಸರು ಕೊಡುತ್ತದೆ. ಕೆಲವು ಕಂಪನಿಯವರು ಅದನ್ನೇ ‘ಇತರೆ’ ಎನ್ನುತ್ತಾರೆ. ಗುರುತು ಸಿಗದ ಕಡತಗಳೆಲ್ಲ ಅಲ್ಲಿಗೇ ಬಂದು ಬೀಳುತ್ತವೆ.

ಯುಎಸ್‌ಬಿ ಡೀಬಗ್ಗಿಂಗ್ ಹಾಕಿ ಲ್ಯಾಪ್‌ಟಾಪಿಗೆ ಜೋಡಿಸಿ, adb ಎಂಬ ಸಲಕರಣೆಯಿಂದ ಅತಿ ದೊಡ್ಡ ಕಡತಕೋಶಗಳನ್ನು ಪಟ್ಟಿ ಮಾಡಿಸಿದೆ.

```
adb shell "du -k /sdcard/ | sort -n | tail -25"
```

`/sdcard/` ಕೊನೆಯ ಓರೆಗೆರೆ ಬಿಡಬೇಡಿ. `/sdcard` ಬೇರೆ ಜಾಗವನ್ನು ತೋರಿಸುವ ಬರೀ ಕೊಂಡಿ. ಓರೆಗೆರೆ ಇಲ್ಲದಿದ್ದರೆ ಸೊನ್ನೆ ಬರುತ್ತದೆ. ನಾನು ಅರ್ಧ ದಿನ ಕೇಬಲ್ಲನ್ನೇ ಬೈದಿದ್ದೆ.

ಪಟ್ಟಿಯ ತಳದ ಹತ್ತಿರ `Android/media/com.whatsapp/WhatsApp/Databases` ಕುಳಿತಿತ್ತು. ಒಳಗೆ `msgstore` ಎಂದು ಶುರುವಾಗುವ ಎಂಟು ಕಡತಗಳು, ಒಂದೊಂದೂ ಒಂದೂವರೆ ಜಿಬಿಗಿಂತ ಸ್ವಲ್ಪ ಹೆಚ್ಚು. ವಾಟ್ಸಾಪ್ ಪ್ರತಿ ರಾತ್ರಿ ಮಾತುಕತೆಗಳ ಒಂದು ಪ್ರತಿಯನ್ನು ಫೋನಿನಲ್ಲೇ ಇಡುತ್ತದೆ, ಒಂದು ವಾರದ ಹಳೆಯವನ್ನೂ ಉಳಿಸುತ್ತದೆ. ಅಲ್ಲಿಗೇ 12 ಜಿಬಿ ದಾಟಿತು.

ಎರಡನೆಯದು ವಾಟ್ಸಾಪ್‌ನ `Sent` ಕಡತಕೋಶಗಳು. ಬೆಳಗಿನ ಹರಾಜಿನಲ್ಲಿ ಬಂಗಡೆ, ಇಸವಾಣದ ಬುಟ್ಟಿಗಳ ಫೋಟೊ, ವಿಡಿಯೊ ತೆಗೆದು ನಲವತ್ತು ಗುಂಪುಗಳಿಗೆ ಕಳಿಸುವವರು ಇವರು. `Sent` ಒಳಗೆ `.nomedia` ಎಂಬ ಖಾಲಿ ಕಡತ ಇರುತ್ತದೆ. ಅದಿದ್ದಲ್ಲಿ ಗ್ಯಾಲರಿ ಇಣುಕುವುದಿಲ್ಲ, ಲೆಕ್ಕ ‘ಫೋಟೊ’ಗೂ ಸೇರುವುದಿಲ್ಲ. ಸುಮಾರು 6 ಜಿಬಿ.

ಮೂರನೆಯದು ಅವರು ಅಳಿಸಿದೆ ಎಂದುಕೊಂಡ ವಿಡಿಯೊಗಳು. ಆಂಡ್ರಾಯ್ಡ್ 11ರಿಂದ ಈಚೆಗೆ ಕಸದ ಬುಟ್ಟಿಗೆ ಹಾಕಿದ ಕಡತ ಅಲ್ಲೇ ಉಳಿದು, ಹೆಸರು ಮಾತ್ರ ಬದಲಾಗುತ್ತದೆ. ಸಾಮಾನ್ಯವಾಗಿ 30 ದಿನ ಇರುತ್ತದೆ.

```
adb shell "find /sdcard/ -name '.trashed-*'"
```

ಸಿಕ್ಕಿದ ಕಡತಗಳ ಗಾತ್ರ ಕೂಡಿಸಿದರೆ ಐದು, ಐದೂವರೆ ಜಿಬಿ. ಜಾಗ ಸಾಲದೆಂದು ಹಿಂದಿನ ವಾರವಷ್ಟೇ ಎಲ್ಲ ಅಳಿಸಿದ್ದರಂತೆ! ಉಳಿದ ಮೂರು ಜಿಬಿ `/data` ಒಳಗಿನ ಲಾಗ್ ಮತ್ತಿತರ ಕಡತಗಳೆಂದು ನನ್ನ ಊಹೆ. ರೂಟ್ ಇಲ್ಲದೆ ಅಲ್ಲಿ ಕೈ ಹೋಗುವುದಿಲ್ಲ. ಅದರಲ್ಲಿ ಒಂದಿಷ್ಟನ್ನು ಇಳಿಸುವ ದಾರಿ ನನ್ನ ಬಳಿ ಇದೆ, ಅದನ್ನು ಅಂಗಡಿಗೇ ಇಟ್ಟುಕೊಳ್ಳುತ್ತೇನೆ.

ಮೊದಲು ಎಲ್ಲವನ್ನೂ ಲ್ಯಾಪ್‌ಟಾಪಿಗೆ ಇಳಿಸಿಕೊಂಡೆ. ತಾರೀಕು ಹೊತ್ತ ಪ್ರತಿಗಳಲ್ಲಿ ಹೊಸದೊಂದನ್ನು, ತಾರೀಕಿಲ್ಲದ ಇತ್ತೀಚಿನ ಪ್ರತಿಯನ್ನು ಬಿಟ್ಟು ಉಳಿದವನ್ನು ಅಳಿಸಿದೆ. ಕಸದ ಬುಟ್ಟಿ ಖಾಲಿ ಮಾಡಿದೆ, `Sent`ನ ಹಳೆಯದನ್ನು ತೆಗೆದೆ. ಸಿಸ್ಟಮ್ 19ಕ್ಕೆ ಇಳಿಯಿತು. 500 ರೂಪಾಯಿ ಪಡೆದೆ.

ಹತ್ತೇ ದಿನಕ್ಕೆ ಅವರು ಮರಳಿ ಬಂದರು: ಸಿಸ್ಟಮ್ 28. ಪಕ್ಕದ ಅಂಗಡಿಯವರು ಹೇಳಿದ್ದೂ ಅದನ್ನೇ, ಅದು ತಾನಾಗಿ ತುಂಬಿಕೊಳ್ಳುತ್ತದೆ ಎಂದು. ತಪ್ಪು ನನ್ನದು. ಪ್ರತಿಗಳನ್ನು ತೆಗೆದಿದ್ದೆ, ವಾಟ್ಸಾಪ್ ಒಳಗಿನ ಮಾತುಕತೆಗಳು ಹಾಗೇ ಇದ್ದವು. ದಿನಕ್ಕೊಂದರಂತೆ ಮತ್ತೆ ಏಳು ಹುಟ್ಟಿಕೊಂಡವು. ಈ ಸಲ ಅವರನ್ನು ಎದುರಿಗೇ ಕೂರಿಸಿಕೊಂಡು ಬಾಕಿಯ ಲೆಕ್ಕವಿದ್ದ ಆರು ಮಾತುಕತೆಗಳನ್ನು ಎಕ್ಸ್‌ಪೋರ್ಟ್ ಮಾಡಿ ಬೇರೆ ಇಟ್ಟೆ. ಬಳಿಕ ವರ್ಷಗಟ್ಟಲೆ ಹಳೆಯದಾದ ಮೂವತ್ತಕ್ಕೂ ಹೆಚ್ಚು ಗುಂಪುಗಳ ಚಾಟ್ ಖಾಲಿ ಮಾಡಿದೆವು. ಮರುದಿನದ ಪ್ರತಿ 500 ಎಂಬಿಯ ಆಸುಪಾಸಿಗೆ ಬಂತು.

ಎರಡನೇ ಸಲಕ್ಕೆ ಹಣ ಮುಟ್ಟಲಿಲ್ಲ. ಅವರು ಮಾತ್ರ ಎರಡು ಕಿಲೋ ಬಂಗಡೆ ಕೊಟ್ಟು ಹೋದರು. ಐದು ತಿಂಗಳಾಯಿತು, ಸಿಸ್ಟಮ್ 18ರ ಮೇಲೆ ಹೋಗಿಲ್ಲ. ರೀಸೆಟ್ ಮಾಡಿ ಎಂದಿದ್ದ ಅಂಗಡಿಗಳಲ್ಲಿ ಒಂದು ಈಗ ಇಂಥ ಫೋನ್‌ಗಳನ್ನು ನನ್ನ ಕಡೆಗೇ ಕಳಿಸುತ್ತದೆ.