ಇಸವಿ ಹಾಕಿದ್ರೆ ಸಂವತ್ಸರ ಬರೋ ಶೀಟ್ ಮಾಡೋಕೆ ಹೋಗಿ ಎರಡು ಸಲ ಎಡವಿದ್ದು

ಮನೆಯವರದ್ದೆಲ್ಲ ಜನ್ಮದಿನಾಂಕ ಒಂದು ಎಕ್ಸೆಲ್ ಶೀಟಲ್ಲಿ ಹಾಕಿದ್ದೆ, ಪಕ್ಕದಲ್ಲಿ ಸಂವತ್ಸರದ ಹೆಸರೂ ಬಂದ್ರೆ ಚೆನ್ನಾಗಿರುತ್ತೆ ಅನ್ನಿಸ್ತು. ಲೆಕ್ಕ ಸುಲಭ. 1987ರ ಯುಗಾದಿಗೆ ಪ್ರಭವ ಶುರುವಾಯ್ತು, ಅಲ್ಲಿಂದ 60 ವರ್ಷಕ್ಕೆ ಒಂದು ಸುತ್ತು. A2ರಿಂದ A61ರವರೆಗೆ ಪ್ರಭವದಿಂದ ಅಕ್ಷಯದ ತನಕ ಟೈಪ್ ಮಾಡಿ, B2ನಲ್ಲಿ ಇಸವಿ ಹಾಕಿ ಇದನ್ನ ಬರೆದೆ:

```
=INDEX($A$2:$A$61, MOD(B2-1987,60)+1)
```

ಕೊನೇ +1 ಯಾಕಂದ್ರೆ MOD ಎಣಿಸೋದು 0ಯಿಂದ, INDEX ಎಣಿಸೋದು 1ರಿಂದ. ಅದನ್ನ ಬಿಟ್ಟು ನೋಡಿದೆ, 1987ಕ್ಕೆ INDEX ಕೈಗೆ 0 ಹೋಗಿ ಎರರ್ ಕೊಡೋ ಬದ್ಲು ಪಟ್ಟಿ ಪೂರ್ತಿ ಕೆಳಗಡೆ ಸುರಿದುಬಿಡ್ತು! 1987ಕ್ಕಿಂತ ಹಿಂದಿನ ಇಸವಿಗೆ ಮೈನಸ್ ಬರುತ್ತಲ್ಲ ಅಂತ ಭಯ ಇತ್ತು, ಆದ್ರೆ ಎಕ್ಸೆಲ್‌ನ MOD(-40,60) ಅಂದ್ರೆ 20, ಹಾಗಾಗಿ 1947ಕ್ಕೆ 21ನೇದು, ಸರ್ವಜಿತು, ಸರಿಯಾಗೇ ಬಂತು.

2024ಕ್ಕೆ ಕ್ರೋಧಿ ಬಂತು, 1956ಕ್ಕೆ ದುರ್ಮುಖಿ ಬಂತು, ಮುಗೀತು ಅಂದ್ಕೊಂಡೆ. ಆಮೇಲೆ ಅಣ್ಣನ 1984ಕ್ಕೆ ನೋಡಿದ್ರೆ ಕ್ರೋಧನ. ಅಮ್ಮ ಮಾತ್ರ "ಇಲ್ವೋ, ಅವ್ನು ರಕ್ತಾಕ್ಷಿ" ಅಂತ ಪಟ್ಟು ಹಿಡಿದ್ರು. ಫಾರ್ಮುಲಾನ ನಾಲ್ಕೈದು ಸಲ ತಿರುಚಿ ನೋಡಿದೆ, ಅದ್ರಲ್ಲಿ ಏನೂ ತಪ್ಪಿಲ್ಲ. ಆಮೇಲೆ ಯಾಕೋ 1986 ಹಾಕಿದೆ, ಖಾಲಿ ಸೆಲ್ ಸಿಕ್ಕಿ 0 ಅಂತ ತೋರಿಸ್ತು, ಅಲ್ಲಿಗೆ ಗೊತ್ತಾಯ್ತು ಪಟ್ಟಿಯಲ್ಲಿ 59 ಹೆಸರೇ ಇರೋದು ಅಂತ. 23ನೇದು ವಿರೋಧಿ, 45ನೇದು ವಿರೋಧಿಕೃತು, ಎರಡೂ ಒಂದೇ ಅಂದ್ಕೊಂಡು ಎರಡನೇದನ್ನ ನಾನೇ ಅಳಿಸಿದ್ದೆ. 45ನೇದಕ್ಕಿಂತ ಮುಂಚಿನ ಹೆಸರು ಬರೋ ಇಸವಿಗಳೆಲ್ಲ ಸರಿ ಬರ್ತವೆ, ನಾನು ಟೆಸ್ಟ್ ಮಾಡಿದ್ದೆಲ್ಲ ಅವೇ! ಈಗ ಮೊದ್ಲು 1986 ಹಾಕಿ ಅಕ್ಷಯ ಬರುತ್ತಾ ನೋಡ್ತೀನಿ. ಹೇವಿಳಂಬಿ-ವಿಳಂಬಿ, ಪ್ರಮಾಥಿ-ಪ್ರಮಾದಿ, ಕ್ರೋಧಿ-ಕ್ರೋಧನ, ಇವೂ ಹೀಗೇ ಕಣ್ಣಿಗೆ ಮೋಸ ಮಾಡ್ತವೆ.

ಎರಡನೇ ಸಲ ಎಡವಿದ್ದು ಯುಗಾದಿ ಹತ್ರ. ತಂಗಿ ಹುಟ್ಟಿದ್ದು 1987ರ ಫೆಬ್ರವರಿ, ಶೀಟು ಪ್ರಭವ ಅನ್ನುತ್ತೆ, ಆದ್ರೆ ಆಗಿನ್ನೂ ಯುಗಾದಿ ಬಂದಿರ್ಲಿಲ್ಲ, ಅವಳದ್ದು ಅಕ್ಷಯ. ಅದಕ್ಕೆ C ಕಾಲಮ್ಮಲ್ಲಿ ಹುಟ್ಟಿದ ದಿನ, D ಕಾಲಮ್ಮಲ್ಲಿ ಆ ವರ್ಷದ ಯುಗಾದಿ ದಿನ ಇಟ್ಟೆ:

```
=INDEX($A$2:$A$61, MOD(YEAR(C2)-(C2<D2)-1987,60)+1)
```

C2<D2 ನಿಜ ಆದ್ರೆ 1 ಕಳೆಯುತ್ತೆ, ಇಲ್ಲಾಂದ್ರೆ 0. ಯುಗಾದಿ 2024ರಲ್ಲಿ ಏಪ್ರಿಲ್ 9, 2025ರಲ್ಲಿ ಮಾರ್ಚ್ 30, ಹೀಗೆ ಓಡಾಡೋದ್ರಿಂದ ಅದನ್ನ ಫಾರ್ಮುಲಾದಲ್ಲಿ ಹಿಡಿಯೋಕೆ ಹೋಗ್ಲಿಲ್ಲ. ಜನವರಿ, ಫೆಬ್ರವರಿಯವ್ರು ಹೇಗಿದ್ರೂ ಹಿಂದಿನ ಸಂವತ್ಸರ, ಅವ್ರಿಗೆ D ಕಾಲಮ್ಮಲ್ಲಿ ಆ ವರ್ಷದ ಮಾರ್ಚ್ 1 ಹಾಕಿದ್ರೆ ಸಾಕು, ಮೇಯಿಂದ ಆಚೆಯವ್ರು ಆ ವರ್ಷದ್ದೇ, D ಖಾಲಿ ಬಿಟ್ರೂ ಸರಿ ಬರುತ್ತೆ, ಮಾರ್ಚ್-ಏಪ್ರಿಲ್‌ನವ್ರಿಗೆ ಮಾತ್ರ ಹಳೇ ಪಂಚಾಂಗ ತೆಗೆದು D ಕಾಲಮ್ಮು ಕೈಯಲ್ಲೇ ತುಂಬಿದೆ.